ಹುಟ್ಟುಮಚ್ಚೆ ಕಂಡಾಗ ಮೊದಲು ನೋಡಬೇಕಾದದ್ದು ಕ್ಯಾಲೆಂಡರ್

ಕೂಸಿನ ಮೈಮೇಲೆ ಮಚ್ಚೆ ಕಂಡಾಗ ಮನೆಯವರ ಮೊದಲ ಪ್ರಶ್ನೆ, "ಇದು ಹೋಗುತ್ತದೆಯೇ?" ಸುತ್ತಲಿನವರ ಉತ್ತರವೂ ಹೆಚ್ಚಾಗಿ ಒಂದೇ: "ಮಗು ದೊಡ್ಡದಾಗುತ್ತಿದ್ದಂತೆ ತಾನಾಗಿ ಮಾಯವಾಗುತ್ತದೆ, ಸುಮ್ಮನಿರಿ." ಈ ಮಾತು ಕೆಲವು ಮಚ್ಚೆಗಳ ವಿಷಯದಲ್ಲಿ ಪೂರ್ತಿ ನಿಜ. ಕೆಲವದರಲ್ಲಿ ಪೂರ್ತಿ ಸುಳ್ಳು. ಸ್ಟ್ರಾಬೆರಿ ಮಚ್ಚೆ ಎಂದು ಕರೆಯುವ ಕೆಂಪು ಗಂಟಿನ ವಿಷಯದಲ್ಲಿ ಮಾತ್ರ ಅದು ನಿಜವಾಗಿದ್ದೂ ಮಗುವಿಗೆ ಕೆಡುಕು ಮಾಡಬಲ್ಲದು. ಏಕೆಂದರೆ ಮಚ್ಚೆ ಹೋದರೂ, ಅದು ಬೆಳೆಯುವ ಕಾಲದಲ್ಲಿ ಕಣ್ಣಿಗೋ ಮೂಗಿಗೋ ಮಾಡಿದ ಹಾನಿ ಉಳಿದುಬಿಡಬಹುದು. ಆ ಹಾನಿಯನ್ನು ತಡೆಯಲು ಸಿಗುವ ಅವಧಿ ವರ್ಷಗಳಲ್ಲ, ಕೆಲವೇ ವಾರಗಳು.

ಹಾಗಾಗಿ ಈ ಲೇಖನದಲ್ಲಿ ಮೂರು ಬಗೆಯ ಮಚ್ಚೆಗಳ ಬಗ್ಗೆ ಹೇಳುತ್ತಿದ್ದರೂ ಹೆಚ್ಚು ಹೊತ್ತು ನಿಲ್ಲುವುದು ಸ್ಟ್ರಾಬೆರಿ ಮಚ್ಚೆಯ ಬಳಿ. ಹುಟ್ಟಿನಿಂದಲೇ ಚಪ್ಪಟೆಯಾಗಿ ಕಾಣುವ ಕೆಂಪು ಪೋರ್ಟ್ ವೈನ್ ಕಲೆ ಮತ್ತು ಬೆನ್ನಿನ ಕೆಳಗೆ ಕಾಣುವ ನೀಲಿ ಬೂದು ಮಚ್ಚೆ ಆಮೇಲೆ ಬರುತ್ತವೆ.

ಮೊದಲು ದಿನಾಂಕ ಬರೆದಿಡಿ, ಚಿತ್ರ ತೆಗೆಯಿರಿ

ಮಚ್ಚೆಯ ಹೆಸರು ಗೊತ್ತಾಗುವ ಮೊದಲೇ ಮಾಡಬೇಕಾದ ಕೆಲಸವಿದು. ಮಚ್ಚೆಯನ್ನು ಮೊದಲು ಯಾವ ದಿನ ನೋಡಿದಿರಿ, ಆಗ ಮಗುವಿಗೆ ಎಷ್ಟು ದಿನವಾಗಿತ್ತು ಎಂದು ಬರೆದಿಡಿ. ಹುಟ್ಟಿದ ದಿನವೇ ಇತ್ತೇ, ಎರಡು ವಾರಗಳ ನಂತರ ಬಂತೇ ಎಂಬ ಒಂದೇ ಸಂಗತಿ ಅರ್ಧ ರೋಗನಿರ್ಣಯ ಮಾಡಿಬಿಡುತ್ತದೆ. ಹೆರಿಗೆಯ ದಿನ ಬೇರೆ ಕಾರಣಕ್ಕೆ ತೆಗೆದ ಚಿತ್ರಗಳನ್ನೂ ಮತ್ತೊಮ್ಮೆ ತೆರೆದು ನೋಡಿ. ಆಗ ಯಾರ ಗಮನಕ್ಕೂ ಬಾರದಿದ್ದ ತಿಳಿ ಮಚ್ಚೆ ಅದರಲ್ಲಿ ಸಿಗುವುದುಂಟು.

ನಂತರ ವಾರಕ್ಕೊಮ್ಮೆ ಒಂದೇ ದಿನ, ಕಿಟಕಿಯ ಬಳಿಯ ಹಗಲು ಬೆಳಕಿನಲ್ಲಿ, ಫ್ಲಾಶ್ ಹಾಕದೆ ಚಿತ್ರ ತೆಗೆಯಿರಿ. ಮಚ್ಚೆಯ ಪಕ್ಕದಲ್ಲಿ ಸಣ್ಣ ಅಳತೆಪಟ್ಟಿಯನ್ನು ಹಿಡಿದಿರಿ. ಒಂದು ಚಿತ್ರ ಹತ್ತಿರದಿಂದ, ಇನ್ನೊಂದು ಮಚ್ಚೆ ದೇಹದ ಯಾವ ಭಾಗದಲ್ಲಿದೆ ಎಂದು ತಿಳಿಯುವಷ್ಟು ದೂರದಿಂದ ಇರಲಿ. ಗಂಟು ಉಬ್ಬಿದ್ದರೆ ಪಕ್ಕದಿಂದ ಒಂದು ಬೇಕು. ಮಗು ಅಳುವಾಗ ಕೆಂಪು ಮಚ್ಚೆಗಳೆಲ್ಲ ಗಾಢವಾಗುತ್ತವೆ. ಆದ್ದರಿಂದ ಶಾಂತವಾಗಿರುವಾಗಲೇ ತೆಗೆಯುವುದು ಒಳ್ಳೆಯದು. ದಿನವೂ ಮಗುವನ್ನು ನೋಡುವ ಕಣ್ಣಿಗೆ ಬೆಳವಣಿಗೆ ಕಾಣುವುದಿಲ್ಲ, ಎರಡು ವಾರಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುತ್ತದೆ.

ಮುಟ್ಟಿ, ಒತ್ತಿ, ಸ್ಥಳ ಗುರುತಿಸಿ

ಬೆರಳ ತುದಿಯನ್ನು ಮಚ್ಚೆಯ ಮೇಲೆ ಮೆಲ್ಲಗೆ ಆಡಿಸಿ. ಸುತ್ತಲಿನ ಚರ್ಮದಷ್ಟೇ ಮಟ್ಟವಾಗಿದೆಯೇ, ಉಬ್ಬಿದೆಯೇ ನೋಡಿ. ಬಳಿಕ ಒಂದೆರಡು ಕ್ಷಣ ಒತ್ತಿ ಬಿಡಿ. ಕೆಂಪು ಮಾಯವಾಗಿ ಮತ್ತೆ ತುಂಬಿಕೊಂಡರೆ ಆ ಬಣ್ಣ ರಕ್ತನಾಳಗಳದು. ನೀಲಿ ಬೂದು ಮಚ್ಚೆ ಒತ್ತಿದರೂ ಹಾಗೆಯೇ ಇರುತ್ತದೆ, ಏಕೆಂದರೆ ಅದು ಚರ್ಮದ ವರ್ಣದ್ರವ್ಯದ್ದು. ಚರ್ಮದ ಬಣ್ಣ ಗಾಢವಾಗಿರುವ ಮಕ್ಕಳಲ್ಲಿ ಕೆಂಪು ಎದ್ದು ಕಾಣದೆ ನೇರಳೆಯಾಗಿಯೋ ಸ್ವಲ್ಪ ಕಪ್ಪಾಗಿಯೋ ಕಾಣಬಹುದು. ಅಂಥಲ್ಲಿ ಒತ್ತಿ ನೋಡುವ ಈ ಪರೀಕ್ಷೆ ಇನ್ನಷ್ಟು ಉಪಯೋಗಕ್ಕೆ ಬರುತ್ತದೆ.

ನವಜಾತ ಶಿಶುಗಳಲ್ಲಿ ಅತಿ ಸಾಮಾನ್ಯವಾದ ಕೆಂಪು ಮಚ್ಚೆಯನ್ನು ಇಲ್ಲಿಯೇ ಬದಿಗಿಡಬಹುದು. ಹಣೆಯ ನಡುವೆ, ಎರಡೂ ಕಣ್ಣುರೆಪ್ಪೆಗಳ ಮೇಲೆ, ಕತ್ತಿನ ಹಿಂದೆ ಕೂದಲಂಚಿನಲ್ಲಿ ಕಾಣುವ ತಿಳಿ ಗುಲಾಬಿ ಬಣ್ಣದ, ಅಂಚು ಕಲಸಿದಂತಿರುವ ಚಪ್ಪಟೆ ಕಲೆಯಿದು. ವೈದ್ಯರು ಇದನ್ನು ಸಾಲ್ಮನ್ ಪ್ಯಾಚ್ ಎನ್ನುತ್ತಾರೆ. ಮುಖದ ಮಧ್ಯರೇಖೆಯಲ್ಲಿ, ಎರಡೂ ಬದಿಗೆ ಸಮವಾಗಿ ಇರುವುದೇ ಇದರ ಗುರುತು. ಮುಖದ ಮೇಲಿನದು ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ತಿಳಿಯಾಗುತ್ತದೆ. ಕತ್ತಿನ ಹಿಂದಿನದು ಉಳಿದರೂ ಕೂದಲ ಕೆಳಗೆ ಮರೆಯಾಗುತ್ತದೆ. ಇದಕ್ಕೆ ಯಾವ ಚಿಕಿತ್ಸೆಯೂ ಬೇಡ.

ಸ್ಟ್ರಾಬೆರಿ ಮಚ್ಚೆ: ಮೊದಲ ಮೂರು ತಿಂಗಳ ಓಟ

ವೈದ್ಯಕೀಯವಾಗಿ ಇದರ ಹೆಸರು ಇನ್‌ಫ್ಯಾಂಟೈಲ್ ಹೆಮಾಂಜಿಯೋಮಾ. ರಕ್ತನಾಳಗಳ ಒಳಪದರದ ಜೀವಕೋಶಗಳು ಮಿತಿಮೀರಿ ಹೆಚ್ಚಿದಾಗ ಉಂಟಾಗುವ ಗಂಟು ಇದು. ಕ್ಯಾನ್ಸರ್ ಅಲ್ಲ. ತಾಯಿ ಬಸುರಿಯಾಗಿದ್ದಾಗ ತಿಂದದ್ದರಿಂದಾಗಲಿ ಮಾಡಿದ್ದರಿಂದಾಗಲಿ ಬರುವುದೂ ಅಲ್ಲ. ನೂರು ಶಿಶುಗಳಲ್ಲಿ ಸುಮಾರು 4ರಿಂದ 5 ಶಿಶುಗಳಿಗೆ ಇದು ಬರುತ್ತದೆ. ಹೆಣ್ಣು ಮಕ್ಕಳಲ್ಲಿ, ಅವಧಿಗೆ ಮುನ್ನ ಹುಟ್ಟಿದವರಲ್ಲಿ, ಕಡಿಮೆ ತೂಕದವರಲ್ಲಿ ಹೆಚ್ಚು.

ಹುಟ್ಟಿದಾಗ ಇದು ಇರುವುದೇ ಇಲ್ಲ, ಅಥವಾ ಇದ್ದರೂ ಗಂಟಿನಂತೆ ಇರುವುದಿಲ್ಲ. ಬಿಳಿಚಿಕೊಂಡ ಸಣ್ಣ ಜಾಗ, ಅದರೊಳಗೆ ದಾರದಂಥ ಒಂದೆರಡು ಕೆಂಪು ಗೆರೆ, ಇಲ್ಲವೇ ಉಗುರು ತಾಗಿದಂಥ ಗುರುತು. ಎರಡು ಮೂರು ವಾರಗಳಲ್ಲಿ ಅದು ಕೆಂಪೇರಿ ಉಬ್ಬತೊಡಗುತ್ತದೆ. ಅತ್ಯಂತ ಬಿರುಸಿನ ಬೆಳವಣಿಗೆ ಮಗುವಿಗೆ ಐದೂವರೆಯಿಂದ ಏಳೂವರೆ ವಾರ ತುಂಬುವ ನಡುವೆ. ಮೂರು ತಿಂಗಳಾಗುವಷ್ಟರಲ್ಲಿ ಹೆಚ್ಚಿನವು ತಮ್ಮ ಅಂತಿಮ ಗಾತ್ರದ ಶೇ. 80ರಷ್ಟನ್ನು ಮುಟ್ಟಿರುತ್ತವೆ, ಐದು ತಿಂಗಳಿಗೆ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ. ಚರ್ಮದ ಆಳದಲ್ಲಿರುವ ಬಗೆ ಇನ್ನೂ ಮೋಸದ್ದು. ಮೇಲೆ ಕೆಂಪೇ ಇಲ್ಲದೆ, ನೀಲಿ ಛಾಯೆಯ ಮೆತ್ತನೆಯ ಉಬ್ಬಾಗಿ, ತಡವಾಗಿ ಕಾಣಿಸಿಕೊಂಡು ಹೆಚ್ಚು ಕಾಲ ಬೆಳೆಯುತ್ತದೆ.

ಈ ಲೆಕ್ಕವನ್ನು ಆಸ್ಪತ್ರೆಯ ಭೇಟಿಗಳ ಪಕ್ಕದಲ್ಲಿಟ್ಟು ನೋಡಿ. ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ತೋರಿಸಿ, "ಮೂರು ತಿಂಗಳಿಗೆ ಮತ್ತೆ ನೋಡೋಣ" ಎನ್ನಿಸಿಕೊಂಡು ಬಂದರೆ, ಮತ್ತೆ ಹೋಗುವಷ್ಟರಲ್ಲಿ ಓಟ ಮುಗಿದಿರುತ್ತದೆ. ಅಪಾಯದ ಜಾಗದಲ್ಲಿರುವ ಹೆಮಾಂಜಿಯೋಮಾವನ್ನು ತಜ್ಞರು ನೋಡಬೇಕಾದ ಸರಿಯಾದ ವಯಸ್ಸು ಸುಮಾರು ಒಂದು ತಿಂಗಳು ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ ಹೇಳಿರುವುದು ಈ ಕಾರಣಕ್ಕೆ.

ಎಲ್ಲ ಸ್ಟ್ರಾಬೆರಿ ಮಚ್ಚೆಗೂ ಈ ಅವಸರ ಬೇಡ. ತೋಳಿನ ಮೇಲೆ, ಹೊಟ್ಟೆಯ ಮೇಲೆ, ಬೆನ್ನಿನ ಮೇಲ್ಭಾಗದಲ್ಲಿ ಒಂದು ಸೆಂಟಿಮೀಟರಿನಷ್ಟಿರುವ ಒಂದೇ ಗಂಟನ್ನು ಮಕ್ಕಳ ವೈದ್ಯರು ಒಮ್ಮೆ ನೋಡಿ ಹೆಸರು ಖಚಿತಪಡಿಸಿದರೆ, ಚಿತ್ರ ತೆಗೆಯುತ್ತಾ ಕಾಯಬಹುದು. ವರ್ಷ ತುಂಬುವ ಹೊತ್ತಿಗೆ ಅದರ ನಡುವೆ ಬೂದು ಬಣ್ಣ ಮೂಡುತ್ತದೆ, ಮೆತ್ತಗಾಗುತ್ತದೆ, ನಾಲ್ಕು ವರ್ಷದ ಹೊತ್ತಿಗೆ ಕುಗ್ಗುವುದು ಬಹುಮಟ್ಟಿಗೆ ಮುಗಿಯುತ್ತದೆ. ಆದರೆ ಕುಗ್ಗಿದ್ದೆಲ್ಲ ಕಲೆಯಿಲ್ಲದೆ ಹೋಗುತ್ತದೆ ಎಂದಲ್ಲ. ತುಂಬಾ ಉಬ್ಬಿದ್ದ ಗಂಟುಗಳು ಸಡಿಲ ಚರ್ಮವನ್ನೋ ಸಣ್ಣ ಕೆಂಪು ನಾಳಗಳನ್ನೋ ಬಿಟ್ಟುಹೋಗುವುದು ಸಾಮಾನ್ಯ.

ಅವಸರ ಯಾವಾಗ ಎಂಬುದನ್ನು ಗಾತ್ರಕ್ಕಿಂತ ಹೆಚ್ಚಾಗಿ ಜಾಗ ತೀರ್ಮಾನಿಸುತ್ತದೆ. ಕಣ್ಣಿನ ಸುತ್ತ ಇದ್ದರೆ ಎಷ್ಟೇ ಚಿಕ್ಕದಾದರೂ ತಜ್ಞರು ನೋಡಬೇಕು, ಕಾರಣವನ್ನು ಮುಂದಿನ ಉದಾಹರಣೆಯಲ್ಲಿ ಹೇಳುತ್ತೇನೆ. ಮೂಗಿನ ತುದಿ, ತುಟಿ, ಕಿವಿಗಳಲ್ಲಿ ಅದು ಬೆಳೆದು ಅಂಗದ ಆಕಾರವನ್ನೇ ಬದಲಿಸಬಹುದು. ಗಲ್ಲ, ದವಡೆ, ಕತ್ತಿನ ಮುಂಭಾಗ, ಅಂದರೆ ಗಡ್ಡ ಬೆಳೆಯುವ ಪ್ರದೇಶದಲ್ಲಿ ಹರಡಿದ್ದರೆ ಶ್ವಾಸನಾಳದೊಳಗೂ ಅಂಥದೇ ಗಂಟು ಇರುವ ಸಾಧ್ಯತೆಯಿದೆ. ಅಂಥ ಮಗು ಉಸಿರೆಳೆದುಕೊಳ್ಳುವಾಗ ಕೀರಲು ಶಬ್ದ ಬಂದರೆ, ಅಳು ಒಡೆದಂತೆ ಕೇಳಿದರೆ, ಎದೆ ಒಳಗೆ ಸೆಳೆಯತೊಡಗಿದರೆ ಅದೇ ದಿನ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಅದನ್ನು ನೆಗಡಿ ಎಂದುಕೊಂಡು ಕಾಯಬಾರದು.

ಮುಖ ಅಥವಾ ತಲೆಯ ಒಂದು ಭಾಗವನ್ನೇ ನಕ್ಷೆಯಂತೆ ಆವರಿಸಿರುವ, 5 ಸೆಂಟಿಮೀಟರಿಗಿಂತ ದೊಡ್ಡದಾದ ಹೆಮಾಂಜಿಯೋಮಾ ಇದ್ದರೆ ಮೆದುಳಿನ ರಕ್ತನಾಳ, ಹೃದಯ, ಕಣ್ಣುಗಳನ್ನು ಪರೀಕ್ಷಿಸಬೇಕಾಗುತ್ತದೆ. ಇವೆಲ್ಲ ಒಟ್ಟಿಗೆ ಬರುವ ಸ್ಥಿತಿಗೆ ಫೇಸ್ ಸಿಂಡ್ರೋಮ್ ಎಂದು ಹೆಸರು. ಬೆನ್ನಿನ ಕೆಳತುದಿಯಲ್ಲಿ, ಮಧ್ಯರೇಖೆಯ ಮೇಲೆ ಇದ್ದರೆ ಅದರಡಿಯ ಬೆನ್ನುಹುರಿಯ ರಚನೆ ಸರಿಯಿದೆಯೇ ಎಂದು ಸ್ಕ್ಯಾನ್ ಮಾಡುತ್ತಾರೆ. ಇನ್ನು ಎಣಿಕೆ. ಮೈಮೇಲೆ ಐದು ಅಥವಾ ಹೆಚ್ಚು ಗಂಟುಗಳಿದ್ದರೆ, ಪ್ರತಿಯೊಂದೂ ಸಾಸಿವೆಯಷ್ಟಿದ್ದರೂ, ಯಕೃತ್ತಿನ ಅಲ್ಟ್ರಾಸೌಂಡ್ ಬೇಕು. ಯಕೃತ್ತಿನಲ್ಲಿಯೂ ಇವು ಬೆಳೆದಿರಬಹುದು. ಹೆಚ್ಚಾಗಿದ್ದರೆ ಹೃದಯಕ್ಕೆ ಭಾರವಾಗುತ್ತದೆ, ಥೈರಾಯ್ಡ್ ಹಾರ್ಮೋನನ್ನೂ ಅವು ನಿಷ್ಕ್ರಿಯಗೊಳಿಸಬಲ್ಲವು. ಆದ್ದರಿಂದ ಸ್ನಾನದ ಹೊತ್ತಿನಲ್ಲಿ ನೆತ್ತಿಯ ಕೂದಲೊಳಗೂ ಚರ್ಮದ ಮಡಿಕೆಗಳಲ್ಲೂ ಹುಡುಕಿ ಎಣಿಸಿ.

ಒಂದು ಮಗುವಿನ ಆರು ವಾರಗಳು

ಪೂರ್ಣ ಅವಧಿಗೆ ಹುಟ್ಟಿದ ಒಂದು ಹೆಣ್ಣು ಮಗುವನ್ನು ಕಲ್ಪಿಸಿಕೊಳ್ಳಿ. ಹತ್ತನೆಯ ದಿನ ಎಡಗಣ್ಣಿನ ಮೇಲ್ರೆಪ್ಪೆಯಲ್ಲಿ, ಮೂಗಿನ ಕಡೆಗೆ, ಅಕ್ಕಿಕಾಳಿನಷ್ಟು ಜಾಗ ಬಿಳಿಚಿದೆ, ಅದರಲ್ಲಿ ಎರಡು ಕೆಂಪು ಎಳೆ. ಮಗುವೇ ಉಗುರಿನಿಂದ ಗೀಚಿಕೊಂಡಿರಬೇಕೆಂದು ಮನೆಯವರು ಉಗುರು ಕತ್ತರಿಸುತ್ತಾರೆ. ಮೂರನೆಯ ವಾರ ಅದೇ ಜಾಗ 4 ಮಿಲಿಮೀಟರ್ ಅಗಲದ ಕೆಂಪು ಚುಕ್ಕೆ. ಐದನೆಯ ವಾರ 9 ಮಿಲಿಮೀಟರ್, ಬೆರಳಿಗೆ ಉಬ್ಬು ತಾಕುತ್ತದೆ. ಆರನೆಯ ವಾರ ತಾಯಿ ಇನ್ನೊಂದು ಸಂಗತಿ ಗಮನಿಸುತ್ತಾಳೆ: ಎಡಗಣ್ಣು ಬಲಗಣ್ಣಿನಷ್ಟು ತೆರೆಯುತ್ತಿಲ್ಲ.

ಆ ರೆಪ್ಪೆಯ ಒಳಗೆ ನಡೆಯುತ್ತಿರುವುದಿಷ್ಟು. ಗಂಟಿನ ಭಾರ ಕಣ್ಣುಗುಡ್ಡೆಯ ಮುಂಭಾಗವನ್ನು ಒತ್ತಿ ಅದರ ಬಾಗುವಿಕೆಯನ್ನು ಬದಲಿಸುತ್ತದೆ. ಹಾಗಾಗಿ ಆ ಕಣ್ಣಿನ ಬಿಂಬ ಮಸುಕು. ರೆಪ್ಪೆ ಇನ್ನೂ ಇಳಿದರೆ ಬೆಳಕೇ ಒಳಗೆ ಹೋಗುವುದಿಲ್ಲ. ಶಿಶುವಿನ ಮೆದುಳು ನೋಡಲು ಕಲಿಯುತ್ತಿರುವ ಕಾಲವಿದು. ಒಂದು ಕಣ್ಣಿನಿಂದ ಸ್ಪಷ್ಟ ಬಿಂಬ, ಇನ್ನೊಂದರಿಂದ ಮಸುಕು ಬಂದರೆ ಅದು ಮಸುಕಾದುದನ್ನು ಕೈಬಿಟ್ಟು ಸ್ಪಷ್ಟವಾದುದನ್ನಷ್ಟೇ ನೆಚ್ಚುತ್ತದೆ. ನಾಲ್ಕು ವರ್ಷಕ್ಕೆ ಗಂಟು ಕರಗಿ ರೆಪ್ಪೆ ಅಂದವಾಗಿ ಕಾಣುತ್ತದೆ, ಆದರೆ ಆ ಕಣ್ಣಿನ ದೃಷ್ಟಿ ಮಂದವಾಗಿಯೇ ಉಳಿದಿರುತ್ತದೆ. "ತಾನಾಗಿ ಹೋಗುತ್ತದೆ" ಎಂಬ ಮಾತು ಇಲ್ಲಿ ಒಂದಕ್ಷರವೂ ಸುಳ್ಳಾಗಿಲ್ಲ. ನನ್ನನ್ನು ಅತಿ ಹೆಚ್ಚು ನೋಯಿಸುವುದು ಇದೇ.

ಈ ಮಗುವಿಗೆ ಸರಿಯಾದ ದಾರಿ ಮೂರನೆಯ ವಾರದಲ್ಲಿಯೇ ಇತ್ತು. ರೆಪ್ಪೆಯ ಮೇಲೆ, ಹುಟ್ಟಿದ ಮೇಲೆ ಬಂದದ್ದು, ಬೆಳೆಯುತ್ತಿದೆ ಎಂಬ ಮೂರು ಮಾತು ಸಾಕು. ಚರ್ಮರೋಗ ತಜ್ಞರು ಮತ್ತು ಮಕ್ಕಳ ಕಣ್ಣಿನ ತಜ್ಞರು ಇಬ್ಬರನ್ನೂ ಆ ವಾರವೇ ಕಾಣಬೇಕು. ಆರನೆಯ ವಾರದಲ್ಲಿ ರೆಪ್ಪೆ ಇಳಿದದ್ದು ಕಂಡ ಮೇಲಂತೂ ಸರದಿಗಾಗಿ ಕಾಯಬಾರದು. ಒಂದೆರಡು ದಿನಗಳಲ್ಲಿ ನೋಡಲೇಬೇಕೆಂದು ಕೇಳಿಕೊಳ್ಳಬೇಕು.

ಔಷಧ ಕೊಟ್ಟರೆ ಮನೆಯಲ್ಲಿ ಮಾಡಬೇಕಾದದ್ದು

ಹೃದಯ ಮತ್ತು ರಕ್ತದೊತ್ತಡಕ್ಕೆ ಬಹುಕಾಲದಿಂದ ಬಳಕೆಯಲ್ಲಿದ್ದ ಪ್ರೊಪ್ರಾನೊಲಾಲ್ ಈ ಗಂಟುಗಳನ್ನು ಕುಗ್ಗಿಸುತ್ತದೆ ಎಂಬುದು ಗೊತ್ತಾದದ್ದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ಹೃದಯದ ತೊಂದರೆಗೆ ಅದನ್ನು ಕೊಟ್ಟ ಶಿಶುವಿನ ಹೆಮಾಂಜಿಯೋಮಾ ಮೆತ್ತಗಾಗಿ ಬಣ್ಣ ಕಳೆದುಕೊಂಡದ್ದನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಹೆಚ್ಚಾಗಿ ಬಳಸುತ್ತಿದ್ದುದು ಸ್ಟೀರಾಯ್ಡ್. ಇಂದು ಅಪಾಯದ ಹೆಮಾಂಜಿಯೋಮಾಗಳಿಗೆ ಮೊದಲ ಔಷಧ ಪ್ರೊಪ್ರಾನೊಲಾಲ್ ದ್ರವವೇ. ಚಿಕ್ಕ, ತೆಳು, ಮೇಲ್ಪದರದ ಮಚ್ಚೆಗೆ ಅದೇ ಗುಂಪಿನ ಟಿಮೊಲಾಲ್ ಹನಿಯನ್ನು ಚರ್ಮಕ್ಕೆ ಹಚ್ಚಲು ಕೊಡುವುದೂ ಉಂಟು.

ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ. ಕಡಿಮೆಯಿಂದ ಆರಂಭಿಸಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 2ರಿಂದ 3 ಮಿಲಿಗ್ರಾಂವರೆಗೆ ಏರಿಸುತ್ತಾರೆ. ನಮ್ಮ ಉದಾಹರಣೆಯ ಮಗು 4 ಕಿಲೋ ಇದ್ದು, ವೈದ್ಯರು ಕಿಲೋಗೆ 2 ಮಿಲಿಗ್ರಾಂ ಎಂದರೆ, ದಿನಕ್ಕೆ 8 ಮಿಲಿಗ್ರಾಂ, ಬೆಳಿಗ್ಗೆ 4, ಸಂಜೆ 4. ಎಡವುವುದು ಇಲ್ಲಿಂದ ಮುಂದೆ. ಒಂದು ಮಿಲಿಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂಬುದು ಬಾಟಲಿಯಿಂದ ಬಾಟಲಿಗೆ ಬೇರೆಯಾಗುತ್ತದೆ. ಒಂದರಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಇದ್ದರೆ ನಮ್ಮ ಮಗುವಿಗೆ ಪ್ರತಿ ಸಲ 4 ಮಿಲಿಲೀಟರ್ ಬೇಕು. ಇನ್ನೊಂದರಲ್ಲಿ 4 ಮಿಲಿಗ್ರಾಂ ಇದ್ದರೆ 1 ಮಿಲಿಲೀಟರ್ ಸಾಕು. ಬಾಟಲಿ ಬದಲಾದದ್ದನ್ನು ಗಮನಿಸದೆ ಹಳೆಯ ಗುರುತಿಗೇ ಸಿರಿಂಜ್ ತುಂಬಿದರೆ ನಾಲ್ಕು ಪಟ್ಟು ಔಷಧ ಹೋಗುತ್ತದೆ. ಪ್ರತಿ ಹೊಸ ಬಾಟಲಿ ತಂದಾಗ ಎಷ್ಟು ಮಿಲಿಲೀಟರ್ ಎಂದು ಔಷಧ ಅಂಗಡಿಯವರಿಂದಲೇ ಸಿರಿಂಜಿನ ಮೇಲೆ ಗೆರೆ ಹಾಕಿಸಿಕೊಳ್ಳಿ. ಪ್ರಮಾಣವನ್ನು ನೀವಾಗಿ ಏರಿಸುವುದು, ಇಳಿಸುವುದು, ತಟ್ಟನೆ ನಿಲ್ಲಿಸುವುದು ಬೇಡ.

ಈ ಔಷಧದ ದೊಡ್ಡ ಅಪಾಯವೆಂದರೆ ಹಸಿದ ಮಗುವಿನ ರಕ್ತದಲ್ಲಿ ಸಕ್ಕರೆ ಕುಸಿಯುವುದು. ಆದ್ದರಿಂದ ಹಾಲು ಕುಡಿಸುವಾಗ ಅಥವಾ ಕುಡಿಸಿದ ಕೂಡಲೇ ಔಷಧ ಕೊಡಿ. ಎರಡು ಸಲದ ನಡುವೆ ಕನಿಷ್ಠ 9 ಗಂಟೆ ಇರಲಿ. ಸಂಜೆಯದನ್ನು ಕೊಟ್ಟ ಮೇಲೆ ರಾತ್ರಿಯಿಡೀ ಹಾಲಿಲ್ಲದೆ ಮಲಗಲು ಬಿಡಬೇಡಿ. ಮಗು ವಾಂತಿ ಮಾಡುತ್ತಿದ್ದರೆ, ಹಾಲು ನಿರಾಕರಿಸಿದರೆ, ಎದೆಯಲ್ಲಿ ಉಬ್ಬಸದ ಸುಯ್ಲು ಕೇಳಿದರೆ ಆ ಸಲದ ಔಷಧ ಕೊಡದೆ ವೈದ್ಯರಿಗೆ ಕರೆಮಾಡಿ. ಕೊಟ್ಟ ಔಷಧ ಕಕ್ಕಿದರೆ ಮತ್ತೆ ಕೊಡಬೇಡಿ. ಮಗು ಬೆವರುತ್ತಿದ್ದರೆ, ನಡುಗಿದರೆ, ಬಿಳಿಚಿಕೊಂಡು ಜೋಲು ಬಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಅದು ತುರ್ತು. ಕೈಕಾಲು ಸ್ವಲ್ಪ ತಣ್ಣಗಿರುವುದು, ನಿದ್ದೆ ಕೆಡುವುದು ಸಾಮಾನ್ಯವಾಗಿ ಕಾಣುವ ತೊಂದರೆಗಳು. ಅವನ್ನು ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು. ಚಿಕಿತ್ಸೆ ಕನಿಷ್ಠ ಆರು ತಿಂಗಳು, ಹಲವು ಮಕ್ಕಳಲ್ಲಿ ವರ್ಷ ತುಂಬುವವರೆಗೂ ನಡೆಯುತ್ತದೆ. ನಿಲ್ಲಿಸಿದ ಮೇಲೆ ಕೆಲವು ಗಂಟುಗಳು ಮತ್ತೆ ಸ್ವಲ್ಪ ಬೆಳೆಯುವುದರಿಂದ ಚಿತ್ರ ತೆಗೆಯುವುದನ್ನು ಆಗಲೂ ಬಿಡಬೇಡಿ.

ಗಂಟು ಹುಣ್ಣಾದರೆ

ಡಯಪರ್ ಕಟ್ಟುವ ಜಾಗ, ತುಟಿ, ಕತ್ತಿನ ಮಡಿಕೆ, ಹೀಗೆ ಉಜ್ಜಾಟ ಮತ್ತು ತೇವ ಇರುವಲ್ಲಿ ಹೆಮಾಂಜಿಯೋಮಾ ಬಿರಿದು ಹುಣ್ಣಾಗುತ್ತದೆ. ಮೂರು ತಿಂಗಳೊಳಗಿನ ಮಗುವಿನ ಕೆಂಪು ಗಂಟಿನ ಮೇಲೆ ಬಿಳಿ ಅಥವಾ ಬೂದು ಬಣ್ಣ ಮೂಡಿದರೆ ಅದನ್ನು ವಾಸಿಯಾಗುವ ಲಕ್ಷಣವೆಂದು ತಿಳಿಯಬೇಡಿ. ಆ ವಯಸ್ಸಿನಲ್ಲಿ ಅದು ಹುಣ್ಣಾಗುವ ಮುನ್ಸೂಚನೆ. ವರ್ಷದ ಮಗುವಿನಲ್ಲಿ ಅದೇ ಬಣ್ಣ ಗಂಟು ಕುಗ್ಗುತ್ತಿರುವುದರ ಗುರುತು. ಬಣ್ಣ ಒಂದೇ, ಅರ್ಥ ಬೇರೆ, ಅದಕ್ಕೇ ಕ್ಯಾಲೆಂಡರ್ ಬೇಕು.

ಹುಣ್ಣು ವಿಪರೀತ ನೋಯುತ್ತದೆ. ಡಯಪರ್ ಬದಲಿಸುವಾಗಲೆಲ್ಲ ಮಗು ಕಿರುಚಿ ಅಳುತ್ತಿದ್ದರೆ ಅದನ್ನು ಹಟವೆಂದುಕೊಳ್ಳದೆ ಜಾಗ ನೋಡಿ. ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪಗೆ ಹಚ್ಚಿ, ಗಾಯಕ್ಕೆ ಅಂಟದ ಪಟ್ಟಿ ಇಟ್ಟು ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸಿ. ರಕ್ತ ಬಂದರೆ ಹೆದರಬೇಡಿ. ಶುಭ್ರವಾದ ಬಟ್ಟೆಯಿಂದ 10ರಿಂದ 15 ನಿಮಿಷ ಬಿಡದೆ ಒತ್ತಿಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಹೆಚ್ಚಿನ ಸಲ ನಿಲ್ಲುತ್ತದೆ. ನಿಲ್ಲದಿದ್ದರೆ ಒತ್ತಿಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ಹುಟ್ಟಿನಿಂದ ಇರುವ, ಒಂದೇ ಬದಿಯ ಕೆಂಪು ಕಲೆ

ಪೋರ್ಟ್ ವೈನ್ ಕಲೆ ಮೊದಲ ದಿನವೇ ಇರುತ್ತದೆ, ಚಪ್ಪಟೆಯಾಗಿರುತ್ತದೆ, ಸಾಮಾನ್ಯವಾಗಿ ಮುಖದ ಅಥವಾ ಮೈಯ ಒಂದೇ ಬದಿಯಲ್ಲಿದ್ದು ಮಧ್ಯರೇಖೆಯ ಬಳಿ ಕತ್ತರಿಸಿದಂತೆ ನಿಲ್ಲುತ್ತದೆ. ಸಾವಿರ ಶಿಶುಗಳಲ್ಲಿ ಸುಮಾರು ಮೂವರಲ್ಲಿ ಕಾಣುತ್ತದೆ. ಸ್ಟ್ರಾಬೆರಿ ಮಚ್ಚೆಯಂತೆ ಇದು ಓಡುವುದೂ ಇಲ್ಲ, ಕರಗುವುದೂ ಇಲ್ಲ. ಮಗು ಬೆಳೆದಷ್ಟು ಬೆಳೆಯುತ್ತದೆ, ವಯಸ್ಸಾದಂತೆ ಗಾಢವಾಗಿ ದಪ್ಪಗಾಗುತ್ತದೆ. ಹೆಚ್ಚಿನ ಪ್ರಕರಣಗಳಲ್ಲಿ ಕಾರಣ ಜಿಎನ್‌ಎಕ್ಯೂ ಎಂಬ ಜೀನ್‌ನಲ್ಲಿ, ಭ್ರೂಣ ರೂಪುಗೊಳ್ಳುವಾಗ ಕೆಲವು ಜೀವಕೋಶಗಳಲ್ಲಷ್ಟೇ ಆಗುವ ಬದಲಾವಣೆ. ಇದು 2013ರಲ್ಲಿ ಪತ್ತೆಯಾಯಿತು. ತಂದೆತಾಯಿಯಿಂದ ಬಂದದ್ದಲ್ಲ.

ಮುಖದ ಮೇಲಿನ ಕಲೆಯಾದರೆ ಒಂದು ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಳ್ಳಿ: ಕಣ್ಣಿನ ಹೊರತುದಿಯಿಂದ ಕಿವಿಯ ಮೇಲ್ತುದಿಗೆ. ಆ ಗೆರೆಯ ಮೇಲೆ, ಅಂದರೆ ಹಣೆ ಅಥವಾ ಮೇಲ್ರೆಪ್ಪೆಯ ಯಾವುದೇ ಭಾಗವನ್ನು ಕಲೆ ತಾಕಿದ್ದರೆ, ಮೆದುಳಿನ ಹೊದಿಕೆಯ ರಕ್ತನಾಳಗಳೂ ಕಣ್ಣೂ ಬಾಧಿತವಾಗಿರುವ ಸ್ಟರ್ಜ್ ವೇಬರ್ ಸಿಂಡ್ರೋಮ್‌ನ ಸಾಧ್ಯತೆಯನ್ನು ಯೋಚಿಸಬೇಕು. ಕಲೆ ಕೆನ್ನೆಯ ಮೇಲಷ್ಟೇ ಇದ್ದರೆ ಆ ಭಯ ಬಹಳ ಕಡಿಮೆ. ಹಣೆಯ ಮೇಲಿದ್ದವರಿಗೆಲ್ಲ ಅದು ಬರುತ್ತದೆಂದಲ್ಲ, ಆದರೆ ಪರೀಕ್ಷೆ ಎಲ್ಲರಿಗೂ ಬೇಕು.

ಮೊದಲು ಕಣ್ಣು. ಕಲೆ ರೆಪ್ಪೆಯನ್ನು ತಾಕಿದ್ದರೆ ಹುಟ್ಟಿದ ಕೆಲವೇ ದಿನಗಳಲ್ಲಿ ಕಣ್ಣಿನ ತಜ್ಞರು ಒತ್ತಡ ಅಳೆಯಬೇಕು, ಗ್ಲಾಕೋಮಾ ಶಿಶುವಿನಲ್ಲಿಯೇ ಆರಂಭವಾಗಬಹುದು. ಒಂದು ಕಣ್ಣಿನ ಕಪ್ಪುಭಾಗ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಮಬ್ಬಾಗುವುದು, ಸದಾ ನೀರು ಸೋರುವುದು, ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು ಇದರ ಲಕ್ಷಣ. ಶಿಶುವಿನ ಕಣ್ಣು ದೊಡ್ಡದಾಗಿ ಮುದ್ದಾಗಿದೆ ಎಂದು ನೋಡುವವರು ಮೆಚ್ಚುವ ಹೊತ್ತಿನಲ್ಲಿ ಒಳಗೆ ಒತ್ತಡ ಏರುತ್ತಿರಬಹುದು. ಮೊದಲ ಪರೀಕ್ಷೆ ಸರಿಯಿದ್ದರೂ ಮುಂದೆ ಮತ್ತೆ ಮತ್ತೆ ಮಾಡಿಸಬೇಕು.

ಎರಡನೆಯದು ಸೆಳವು. ಇದು ಹೆಚ್ಚಾಗಿ ಮೊದಲ ವರ್ಷದಲ್ಲಿಯೇ ಶುರುವಾಗುತ್ತದೆ, ಕಲೆಯ ಎದುರು ಬದಿಯ ಕೈಕಾಲಿನಲ್ಲಿ ಕಾಣುತ್ತದೆ. ಬಲಹಣೆಯಲ್ಲಿ ಕಲೆಯಿದ್ದರೆ ಎಡಗೈ ಲಯಬದ್ಧವಾಗಿ ಜಗ್ಗುವುದು, ಕಣ್ಣು ಒಂದು ಕಡೆಗೆ ನಿಂತುಬಿಡುವುದು. ಸಾಧ್ಯವಾದರೆ ಒಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಲಿ, ಆದರೆ ಆಸ್ಪತ್ರೆಗೆ ಹೊರಡುವುದು ತಡವಾಗಬಾರದು. ಎಂಆರ್‌ಐ ಯಾವಾಗ ಎಂಬುದನ್ನು ಮಕ್ಕಳ ನರರೋಗ ತಜ್ಞರು ನಿರ್ಧರಿಸುತ್ತಾರೆ. ತೀರಾ ಎಳೆಯ ವಯಸ್ಸಿನಲ್ಲಿ ಮಾಡಿದ ಸ್ಕ್ಯಾನ್ ಸರಿಯಾಗಿ ಕಂಡರೂ ಅದು ಕೊನೆಯ ಮಾತಲ್ಲ.

ಕಾಲು ಅಥವಾ ಕೈಯ ಮೇಲೆ ದೊಡ್ಡ ಕಲೆಯಿದ್ದರೆ ಎರಡೂ ಬದಿಯ ಉದ್ದ ಮತ್ತು ಸುತ್ತಳತೆಯನ್ನು ಆಗಾಗ ಅಳೆಯಿಸಿ, ಕೆಲವು ಮಕ್ಕಳಲ್ಲಿ ಆ ಅಂಗ ಹೆಚ್ಚು ಬೆಳೆಯುತ್ತದೆ. ಬಣ್ಣ ತಿಳಿಯಾಗಿಸಲು ಪಲ್ಸ್ಡ್ ಡೈ ಲೇಸರ್ ಇದೆ. ಹಲವು ಸಲ ಮಾಡಬೇಕಾಗುತ್ತದೆ. ಕಲೆ ತಿಳಿಯಾಗುತ್ತದೆ, ಪೂರ್ತಿ ಅಳಿಸಿಹೋಗುವುದು ಎಲ್ಲರಲ್ಲೂ ಆಗುವುದಿಲ್ಲ. ಶೈಶವದಲ್ಲಿ ಚರ್ಮ ತೆಳುವಾಗಿ, ಕಲೆ ಚಿಕ್ಕದಾಗಿರುವುದರಿಂದ ಬೇಗ ವಿಚಾರಿಸುವುದು ಮೇಲು.

ನೀಲಿ ಬೂದು ಮಚ್ಚೆ: ಚಿಕಿತ್ಸೆ ಬೇಡ, ದಾಖಲೆ ಬೇಕು

ಬೆನ್ನಿನ ಕೆಳಭಾಗ, ಪೃಷ್ಠ, ಕೆಲವೊಮ್ಮೆ ಭುಜದ ಮೇಲೆ ಶಾಯಿ ಇಂಗಿದಂತೆ ಕಾಣುವ ಈ ಮಚ್ಚೆಯನ್ನು ಹಿಂದೆ ಮಂಗೋಲಿಯನ್ ಮಚ್ಚೆ ಎನ್ನುತ್ತಿದ್ದರು. ಈಗ ವೈದ್ಯರು ಡರ್ಮಲ್ ಮೆಲನೊಸೈಟೋಸಿಸ್ ಎನ್ನುತ್ತಾರೆ. ಚರ್ಮದ ಮೇಲ್ಪದರಕ್ಕೆ ಬರಬೇಕಿದ್ದ ವರ್ಣಕೋಶಗಳು ಆಳದಲ್ಲಿಯೇ ಉಳಿದಾಗ, ಅಷ್ಟು ದಪ್ಪ ಚರ್ಮದ ಮೂಲಕ ಚದುರಿ ಬರುವ ಬೆಳಕಿನಿಂದ ಕಂದು ಬಣ್ಣ ನಮ್ಮ ಕಣ್ಣಿಗೆ ನೀಲಿಯಾಗಿ ಕಾಣುತ್ತದೆ. ಗಾಢ ಬಣ್ಣದ ಚರ್ಮದ ಶಿಶುಗಳಲ್ಲಿ ಇದು ಬಹಳ ಸಾಮಾನ್ಯ. ನೋವಿಲ್ಲ, ಉಬ್ಬಿಲ್ಲ. ಹೆಚ್ಚಿನವು ಬಾಲ್ಯದ ಮೊದಲ ಕೆಲವು ವರ್ಷಗಳಲ್ಲಿ ಮಾಸುತ್ತವೆ.

ಇದನ್ನು ಪೆಟ್ಟಿನಿಂದ ರಕ್ತ ಹೆಪ್ಪುಗಟ್ಟಿದ ಗುರುತೆಂದು ತಪ್ಪಾಗಿ ತಿಳಿಯಲಾಗುತ್ತದೆ, ಮಗುವಿಗೆ ಹೊಡೆದಿದ್ದಾರೆಂಬ ಅನುಮಾನಕ್ಕೆ ಪೋಷಕರು ಗುರಿಯಾಗುತ್ತಾರೆ. ಪೆಟ್ಟಿನ ಗುರುತು ಮುಟ್ಟಿದರೆ ನೋಯುತ್ತದೆ, ಬಣ್ಣ ಬದಲಿಸುತ್ತಾ ಸುಮಾರು ಎರಡು ವಾರಗಳಲ್ಲಿ ಮಾಯವಾಗುತ್ತದೆ. ನೀಲಿ ಬೂದು ಮಚ್ಚೆ ವಾರಗಟ್ಟಲೆ ಒಂದೇ ಬಣ್ಣದಲ್ಲಿ ಇರುತ್ತದೆ. ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲೇ ಪ್ರತಿ ಮಚ್ಚೆಯ ಜಾಗ ಮತ್ತು ಅಳತೆಯನ್ನು ಮಗುವಿನ ಆರೋಗ್ಯ ದಾಖಲೆಯಲ್ಲಿ ಬರೆಸಿಕೊಳ್ಳಿ. ಒಂದು ಸಾಲಿನ ಆ ಟಿಪ್ಪಣಿ ಮುಂದೆ ಕುಟುಂಬವನ್ನು ದೊಡ್ಡ ಸಂಕಟದಿಂದ ಉಳಿಸಬಲ್ಲದು. ಅದೇ ಟಿಪ್ಪಣಿಯಿಂದ, ದಾಖಲೆಯಲ್ಲಿಲ್ಲದ ಹೊಸ ನೀಲಿ ಗುರುತು ಕಂಡಾಗ ಅದನ್ನು ಮಚ್ಚೆ ಎಂದು ತಳ್ಳಿಹಾಕದೆ ಗಂಭೀರವಾಗಿ ನೋಡಲೂ ಸಾಧ್ಯವಾಗುತ್ತದೆ.

ತಜ್ಞರಿಗೆ ತೋರಿಸಬೇಕಾದ ಸಂದರ್ಭಗಳು ಇಲ್ಲಿ ಎರಡೇ. ಮಚ್ಚೆಗಳು ಎದೆ, ಹೊಟ್ಟೆ, ಬೆನ್ನು ಎಲ್ಲೆಡೆ ವ್ಯಾಪಕವಾಗಿದ್ದು, ಮಾಸುವ ಬದಲು ತಿಂಗಳುಗಳಲ್ಲಿ ಗಾಢವಾಗಿ ಹರಡುತ್ತಿದ್ದರೆ, ಜೊತೆಗೆ ಮಗುವಿನ ಬೆಳವಣಿಗೆ ಹಿಂದುಳಿದಿದ್ದರೆ ಅಪರೂಪದ ಚಯಾಪಚಯ ಕಾಯಿಲೆಗಳಿಗಾಗಿ ಪರೀಕ್ಷಿಸುತ್ತಾರೆ. ಒಂದು ಕಣ್ಣಿನ ಸುತ್ತ ನೀಲಿ ಬಣ್ಣವಿದ್ದು ಕಣ್ಣಿನ ಬಿಳಿಭಾಗದಲ್ಲೂ ಬೂದು ಛಾಯೆ ಕಂಡರೆ ಅದು ಬೇರೆ ಬಗೆಯ, ಮಾಸದ ಮಚ್ಚೆ. ಅದಕ್ಕೆ ಕಣ್ಣಿನ ಒತ್ತಡದ ತಪಾಸಣೆ ಬೇಕು.

ತಜ್ಞರ ಸಮಯ ಕೇಳುವಾಗ

"ಮಗುವಿಗೆ ಮಚ್ಚೆಯಿದೆ" ಎಂದಷ್ಟೇ ಹೇಳಿದರೆ ಎರಡು ತಿಂಗಳ ನಂತರದ ದಿನ ಸಿಗಬಹುದು. ಹೀಗೆ ಹೇಳಿ: "ಮಗುವಿಗೆ ಐದು ವಾರ. ಎಡಗಣ್ಣಿನ ಮೇಲ್ರೆಪ್ಪೆಯಲ್ಲಿ ಹತ್ತನೆಯ ದಿನ ಕಂಡ ಮಚ್ಚೆ ಎರಡು ವಾರಗಳಲ್ಲಿ 4ರಿಂದ 9 ಮಿಲಿಮೀಟರಿಗೆ ಬೆಳೆದಿದೆ. ಚಿತ್ರಗಳಿವೆ, ಈಗಲೇ ಕಳುಹಿಸಬಹುದೇ?" ವಯಸ್ಸನ್ನು ತಿಂಗಳಲ್ಲಿ ಹೇಳಬೇಡಿ, ವಾರಗಳಲ್ಲಿ ಹೇಳಿ. ಮಗು ಅವಧಿಗೆ ಮುನ್ನ ಹುಟ್ಟಿದ್ದರೆ ಎಷ್ಟು ವಾರ ಮುಂಚೆ ಎಂಬುದನ್ನೂ ಸೇರಿಸಿ, ಔಷಧ ಆರಂಭಿಸುವ ವಯಸ್ಸನ್ನು ಅದರ ಮೇಲೆ ಲೆಕ್ಕ ಹಾಕುತ್ತಾರೆ.

ಕಾಯಿರಿ ಎಂದು ವೈದ್ಯರು ಹೇಳಿದರೆ ಎರಡು ಪ್ರಶ್ನೆ ಕೇಳಿಯೇ ಹೊರಬನ್ನಿ. ಯಾವ ದಿನಾಂಕದವರೆಗೆ ಕಾಯಬೇಕು? ಅಷ್ಟರೊಳಗೆ ಏನು ಕಂಡರೆ ಕಾಯದೆ ಬರಬೇಕು? ಸಿಕ್ಕ ಉತ್ತರವನ್ನು ಚಿತ್ರಗಳ ಜೊತೆಗೇ ಬರೆದಿಟ್ಟುಕೊಳ್ಳಿ.